ಪದಚರ್ಚೆ: ಮಳೆಯ ‘ಪ್ರಮಾಣ’ ಒಂದೇ ಪದ, ಅರ್ಥ ಎರಡು

ತೀರ್ಥಹಳ್ಳಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೆಂಚು ಮತ್ತು ಶೀಟಿನ ಮನೆ ಕಟ್ಟುವವರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೂರಿನಿಂದ ಇಳಿಯುವ ನೀರಿಗೆ ಎಷ್ಟು ಅಗಲದ ಗಟರ್, ಎಷ್ಟು ದಪ್ಪದ ಪೈಪು ಬೇಕೆಂದು ಲೆಕ್ಕ ಹಾಕುವ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು ದಿನದಲ್ಲಿ ಬಿದ್ದ ಒಟ್ಟು ಮಳೆಗೂ, ಜೋರಾಗಿ ಹೊಡೆಯುವ ಹತ್ತು ನಿಮಿಷದಲ್ಲಿ ಮಳೆ ಬೀಳುವ ವೇಗಕ್ಕೂ ನಾವು ‘ಮಳೆಯ ಪ್ರಮಾಣ’ ಎಂದೇ ಬರೆಯುತ್ತೇವೆ. ಇದು ಬರೀ ಪದದ ತೊಡಕಲ್ಲ. ಹೋದ ವರ್ಷ ನಮ್ಮ ಮನೆಗೆ ಗಟರ್ ಹಾಕಿಸುವಾಗ ಪತ್ರಿಕೆಯಲ್ಲಿ ‘200 ಮಿ.ಮೀ. ಪ್ರಮಾಣದ ಮಳೆ’ ಎಂದು ಓದಿ, ಅದನ್ನು 24 ಗಂಟೆಗೆ ಹಂಚಿ ಲೆಕ್ಕ ಮಾಡಿದೆ. 50 ಮಿ.ಮೀ. ಪೈಪ್ ಒಂದೇ ಧಾರಾಳ ಸಾಕೆಂದು ಬಂತು. ಕೆಲಸದವರು ದೊಡ್ಡ ಪೈಪ್ ಹಾಕೋಣ ಎಂದರೂ ನಾನು ಒಪ್ಪಲಿಲ್ಲ. ಆಷಾಢದ ಒಂದು ಸಂಜೆ ನೀರು ಗಟರಿನ ಅಂಚು ದಾಟಿ ಗೋಡೆಯ ಮೇಲೇ ಇಳಿಯಿತು. ಮಣ್ಣಿನ ಗೋಡೆಯ ಬುಡ ಒಂದು ಗೇಣು ತೊಳೆದುಹೋಯಿತು.

ಹಾಗಾಗಿ ಈ ಎರಡು ಅರ್ಥಕ್ಕೆ ಎರಡು ಬೇರೆ ಪದ ಬೇಕು. ‘ತೀವ್ರತೆ’ ಎಂದರೆ ಓದುಗರು ‘ತುಂಬಾ ಜೋರು’ ಎಂದಷ್ಟೇ ತಿಳಿಯುತ್ತಾರೆ, ಅಳತೆ ಎಂದು ತಿಳಿಯುವುದಿಲ್ಲ. ‘ಬಿರುಸು’ ಆಗಬಹುದೇ? ಗಟರಿಗೂ ಒಳ್ಳೆಯ ಪದವಿದ್ದರೆ ಹೇಳಿ.

ಹುಬ್ಬಳ್ಳಿಯಿಂದ

ಅಕ್ಕಾರ, ‘ಗಟರ್’ ಅಂತ ದಯವಿಟ್ಟು ಬರೀಬ್ಯಾಡ್ರಿ. ನಮ್ಮ ಕಡೆ ಗಟಾರ ಅಂದ್ರ ಓಣಿಯೊಳಗ ಹರಿಯೂ ಹೊಲಸು ನೀರಿನ ಕಾಲುವೆ. ‘ಸೂರಿಗೆ ಗಟರ್ ಕಟ್ಟಿರಿ’ ಅಂದ್ರ ನಮ್ಮ ಮೇಸ್ತ್ರಿಗಳು ನಿಮ್ಮ ಮುಖಾ ನೋಡ್ತಾರ. ಬ್ಯಾರೆ ಪದ ಹುಡುಕ್ರಿ.

‘ಬಿರುಸು’ ನನಗ ಸೇರಿತು. ಆದ್ರ ‘ಬಿರುಸು ಗಂಟೆಗೆ 100’ ಅಂತ ಹೇಳಿದ್ರ ಕಿವಿಗೆ ಹೊಂದತದೇನು, ಒಮ್ಮೆ ಬಾಯಿಬಿಟ್ಟು ಓದಿ ನೋಡ್ರಿ.

ಬೆಂಗಳೂರಿನಿಂದ

ಮಳೆಕೊಯ್ಲಿನ ಬಗ್ಗೆ ಕೇಳಿದ್ದೀರಿ, ಸಂತೋಷ. ನಾನು ನಮ್ಮ ಮನೆಗೆ ಮಾಡಿಸಿದ್ದೇನೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅದನ್ನು 0.8ರಿಂದ ಗುಣಿಸಬೇಕು, ಏಕೆಂದರೆ ಸ್ವಲ್ಪ ನೀರನ್ನು ಹೆಂಚು ಕುಡಿಯುತ್ತದೆ, ಸ್ವಲ್ಪ ಆವಿಯಾಗುತ್ತದೆ. ಸೂರಿನ ವಿಸ್ತೀರ್ಣದಿಂದಲೂ ವರ್ಷದ ಮಳೆಯಿಂದಲೂ ಗುಣಿಸಿದರೆ ವರ್ಷಕ್ಕೆ ತೊಟ್ಟಿಗೆ ಎಷ್ಟು ನೀರು ಬರುತ್ತದೆಂದು ಗೊತ್ತಾಗುತ್ತದೆ. ಇದಕ್ಕೆ ‘ಪ್ರಮಾಣ’ ಎಂಬ ಪದವೇ ಸಾಕಲ್ಲವೇ?

ಮಂಗಳೂರಿನಿಂದ

ನಾನು ಮೂವತ್ತು ವರ್ಷ ಕಟ್ಟಡದ ನೀರು ಸಾಗಿಸುವ ಕೆಲಸ ನೋಡಿದವನು. ಬೆಂಗಳೂರಿನವರು ಹೇಳಿದ ಲೀಟರಿನ ಲೆಕ್ಕ ಸರಿ, ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಆದರೆ ಅವರು ಉತ್ತರಿಸಿದ ಪ್ರಶ್ನೆ ಬೇರೆ. ತೊಟ್ಟಿಗೆ ಬೇಕಾದದ್ದು ವರ್ಷದ ಒಟ್ಟು ನೀರು. ಪೈಪಿಗೆ ಬೇಕಾದದ್ದು ಅತಿ ಕೆಟ್ಟ ಐದು ನಿಮಿಷದ ನೀರು. ಆ ಹೊತ್ತಿಗೆ ಹೆಂಚು ನೆನೆದು ತೊಪ್ಪೆಯಾಗಿರುತ್ತದೆ, ಇನ್ನೇನೂ ಕುಡಿಯುವುದಿಲ್ಲ. ಆದ್ದರಿಂದ ಈ ಲೆಕ್ಕದಲ್ಲಿ 0.8 ಬೇಡ, ಬಿದ್ದದ್ದೆಲ್ಲ ಇಳಿಯುತ್ತದೆ ಎಂದೇ ಹಿಡಿಯಿರಿ.

ಐದು ನಿಮಿಷವೇ ಏಕೆ? ಮನೆಯ ಮಾಡಿನ ನೆತ್ತಿಯಲ್ಲಿ ಬಿದ್ದ ಹನಿ ಅಂಚಿಗೆ ಬರಲು ಒಂದೆರಡು ನಿಮಿಷ ಸಾಕು. ಹೊಳೆಗೆ ನೆರೆ ಬರಲು ಗಂಟೆಗಟ್ಟಲೆ ಮಳೆ ಹೊಯ್ಯಬೇಕು, ಮಾಡಿಗೆ ಆ ತಾಳ್ಮೆ ಇಲ್ಲ. ಐದು ನಿಮಿಷ ಜೋರಾಗಿ ಹೊಯ್ದರೆ ಸಾಕು, ಇಡೀ ಮಾಡಿನ ನೀರು ಒಟ್ಟಿಗೆ ಅಂಚಿನಲ್ಲಿರುತ್ತದೆ.

ಪದದ ವಿಚಾರಕ್ಕೆ ಬರುತ್ತೇನೆ. ಹವಾಮಾನ ಇಲಾಖೆಯವರ ‘ಭಾರೀ ಮಳೆ’ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ‘ಅತಿ ಭಾರೀ’ ಎಂದರೆ 204.4ರವರೆಗೆ. ಇವೆಲ್ಲ ದಿನದ ಮೊತ್ತಗಳು. ದಿನವಿಡೀ ಜಿಟಿಜಿಟಿ ಹಿಡಿದರೂ ‘ಭಾರೀ’ ಆಗಬಹುದು, ಅದರಿಂದ ಪೈಪಿಗೆ ಏನೂ ಆಗದು. ಏಪ್ರಿಲ್ ತಿಂಗಳ ಗುಡುಗು ಮಳೆ ಅರ್ಧ ಗಂಟೆಯಲ್ಲಿ 40 ಮಿ.ಮೀ. ಸುರಿದು ನಿಂತರೆ ಇಲಾಖೆಯ ಲೆಕ್ಕದಲ್ಲಿ ಅದು ‘ಭಾರೀ’ ಅಲ್ಲವೇ ಅಲ್ಲ, ಆದರೆ ನಿಮ್ಮ ಪೈಪು ಸೋಲುವುದು ಅದಕ್ಕೇ. ಗಂಟೆಯ ಲೆಕ್ಕದಲ್ಲಿ ಹೇಳುವ ಪದವೊಂದು ಈಗಾಗಲೇ ರೂಢಿಯಲ್ಲಿದೆ, ಮೇಘಸ್ಫೋಟ: ಒಂದು ಗಂಟೆಯಲ್ಲಿ 100 ಮಿ.ಮೀ. ಅಥವಾ ಹೆಚ್ಚು. ಹಾಗಾಗಿ ‘ಬಿರುಸು’ ಎಂದು ಬರೆಯುವುದಾದರೆ ಪ್ರತಿ ಸಲವೂ ‘ಗಂಟೆಗೆ ಇಷ್ಟು’ ಎಂದು ಸೇರಿಸಿ. ಪದಕ್ಕಿಂತ ಆ ‘ಗಂಟೆಗೆ’ ಮುಖ್ಯ.

ಶಿರಸಿಯಿಂದ

ಗಟರಿಗೆ ನಮ್ಮಲ್ಲಿ ‘ದಂಬೆ’ ಎನ್ನುತ್ತೇವೆ. ಅಡಿಕೆ ಮರ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದರೆ ದಂಬೆ. ಸೂರಿನ ಕೆಳಗೆ ಕಟ್ಟಿ ನೀರನ್ನು ಅಂಗಳದ ಆಚೆ ಹಾಯಿಸುತ್ತೇವೆ. ಈಗ ಪಿವಿಸಿ ಬಂದರೂ ಅಜ್ಜಿಯಂದಿರಿಗೆ ಅದು ಪಿವಿಸಿ ದಂಬೆಯೇ. ‘ದಬ್ಬೆ’ ಎಂದು ಬರೆದುಬಿಡಬೇಡಿ. ದಬ್ಬೆ ಎಂದರೆ ಚಪ್ಪರಕ್ಕೂ ಬೇಲಿಗೂ ಹಾಕುವ ಸೀಳು ಪಟ್ಟಿ, ಅದರಲ್ಲಿ ನೀರು ನಿಲ್ಲುವುದಿಲ್ಲ.

ನನ್ನದೂ ಒಂದು ಅನುಭವವಿದೆ. ನಮ್ಮ ಕೊಟ್ಟಿಗೆಯಲ್ಲಿ ದಂಬೆ ತುಂಬುವುದೇ ಇಲ್ಲ, ಆದರೂ ನೀರು ಹೊರಗೆ ಬೀಳುತ್ತದೆ. ಇನ್ನೂ ದೊಡ್ಡದು ಹಾಕಬೇಕೇ?

ಮಂಗಳೂರಿನಿಂದ

ಬೇಡ. ಶೀಟಿನ ಮಾಡು ಕಡಿದಾಗಿದ್ದರೆ ನೀರು ಜಾರಿ ಬಂದ ವೇಗಕ್ಕೆ ದಂಬೆಯನ್ನು ಹಾರಿಯೇ ಹೋಗುತ್ತದೆ. ದಂಬೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಹೊರ ಅಂಚನ್ನು ಎತ್ತರಿಸಿ.

ಮಳೆ ಹೊಡೆಯುವಾಗಲೇ ಕೊಡೆ ಹಿಡಿದು ಹೋಗಿ ನೋಡಿದರೆ ಯಾವ ತೊಂದರೆ ಎಂಬುದು ಗೊತ್ತಾಗುತ್ತದೆ. ದಂಬೆ ಅರ್ಧ ಖಾಲಿಯಿದ್ದೂ ನೀರು ಆಚೆ ಬಿದ್ದರೆ ತಪ್ಪು ಜಾಗದಲ್ಲಿ ಕೂತಿದೆ. ಪೈಪಿನಿಂದ ದೂರದ ತುದಿಯಲ್ಲಿ ಉಕ್ಕಿ, ಪೈಪಿನ ಹತ್ತಿರ ನೀರು ತಗ್ಗಿದ್ದರೆ ದಂಬೆ ಚಿಕ್ಕದು. ಪೈಪಿನ ಬಾಯಿಯ ಮೇಲೂ ನೀರು ತುಂಬಿ ನಿಂತಿದ್ದರೆ ಬಾಯಿ ಚಿಕ್ಕದು, ಇಲ್ಲವೇ ಎಲೆ ಕಟ್ಟಿದೆ. ತೀರ್ಥಹಳ್ಳಿಯವರು ಇದರಲ್ಲಿ ಯಾವುದನ್ನು ಕಂಡಿರಿ?

ತೀರ್ಥಹಳ್ಳಿಯಿಂದ

ಮೂರನೆಯದು ಸರ್. ಎಲೆ ಇರಲಿಲ್ಲ, ಆದರೂ ಬಾಯಿಯ ಮೇಲೆ ನೀರು ತುಂಬಿ ನಿಂತಿತ್ತು.

ಹೊಸದಾಗಿ ಲೆಕ್ಕ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದು ಪಕ್ಕದ ಸೂರು 12 ಮೀಟರ್ ಉದ್ದ. ಹೆಂಚಿನ ಇಳಿಜಾರಿನ ಮೇಲೆ ಟೇಪು ಹಿಡಿದರೆ 5.8 ಮೀಟರ್, ನೆಲದ ಮೇಲೆ ಅಳೆದರೆ 5. ಯಾವುದು ಸರಿಯೋ ತಿಳಿಯದೆ ನೆಲದ ಅಳತೆ ಹಿಡಿದೆ: 60 ಚದರ ಮೀಟರ್. ಬಿರುಸು ಗಂಟೆಗೆ 150 ಮಿ.ಮೀ. ಎಂದು ಹಿಡಿದೆ, ಅಂದರೆ ಹತ್ತು ನಿಮಿಷಕ್ಕೆ 25 ಮಿ.ಮೀ.

```
Q = A × i / 3600
60 × 150 / 3600 = 2.5
```

ಸೆಕೆಂಡಿಗೆ 2.5 ಲೀಟರ್. ಹಳೆಯ ಲೆಕ್ಕದಲ್ಲಿ 200 ಮಿ.ಮೀ.ಯನ್ನು ದಿನಕ್ಕೆ ಹಂಚಿದಾಗ ಬಂದದ್ದು 0.14. ಹದಿನೆಂಟು ಪಟ್ಟು ವ್ಯತ್ಯಾಸ, ಅದೂ ಒಂದೇ ಪದದಿಂದ.

ಮಂಗಳೂರಿನಿಂದ

ಸರಿಯಾಗಿದೆ. ಮಳೆ ನೇರವಾಗಿ ಬಿದ್ದರೆ ನೆಲದ ಅಳತೆಯೇ ಸರಿ. ಆದರೆ ನಮ್ಮ ಆಷಾಢದ ಮಳೆ ನೇರ ಬೀಳುವುದಿಲ್ಲ. ಗಾಳಿಗೆ ಎದುರಾದ ಮಾಡು ಹೆಚ್ಚು ನೀರು ಹಿಡಿಯುತ್ತದೆ. ಅದಕ್ಕಾಗಿ ಮಾಡಿನ ಎತ್ತರದ ಅರ್ಧವನ್ನು ಅಗಲಕ್ಕೆ ಸೇರಿಸುವ ರೂಢಿಯಿದೆ. ನಿಮ್ಮ ಮಾಡಿನ ಎತ್ತರ ಸುಮಾರು 2.9 ಮೀಟರ್ ಇರಬೇಕು. 5ಕ್ಕೆ 1.45 ಸೇರಿಸಿ 12ರಿಂದ ಗುಣಿಸಿದರೆ ಸುಮಾರು 77 ಚದರ ಮೀಟರ್, ಸೆಕೆಂಡಿಗೆ 3.2 ಲೀಟರ್.

50 ಮಿ.ಮೀ. ಬಾಯಿ, ದಂಬೆ ಬಹುತೇಕ ತುಂಬಿದಾಗಲೂ 1.3 ಲೀಟರ್ ಆಸುಪಾಸು ಮಾತ್ರ ನುಂಗುತ್ತದೆ. ನೀವು ಕಂಡದ್ದು ಅದೇ. ಉದ್ದ ಪೈಪಿನೊಳಗೆ ನೀರು ಸರಾಗವಾಗಿ ಬೀಳುತ್ತದೆ, ಅಡ್ಡಿಯಾಗುವುದು ಬಾಯಿಯಲ್ಲಿ. ಸಾಧ್ಯವಿದ್ದರೆ ಬಾಯಿಗೆ ಅಗಲದ ಕೊಳವೆ ಕೂರಿಸಿ.

ದಂಬೆಯ ಲೆಕ್ಕವೂ ಇದೆ. 150 ಮಿ.ಮೀ. ಅಗಲದ ಅರ್ಧವೃತ್ತದ ದಂಬೆಯನ್ನು ಮಟ್ಟವಾಗಿ ಕಟ್ಟಿದರೆ ಸೆಕೆಂಡಿಗೆ 2 ಲೀಟರಿಗಿಂತ ತುಸು ಹೆಚ್ಚು ಸಾಗಿಸುತ್ತದೆ. ಪೈಪನ್ನು ಒಂದು ತುದಿಯಲ್ಲಿಟ್ಟರೆ 3.2 ಅದಕ್ಕೆ ಹೊರೆ. ನಟ್ಟನಡುವೆ ಇಟ್ಟರೆ ಎರಡೂ ಕಡೆಯಿಂದ ತಲಾ 1.6 ಬರುತ್ತದೆ, ಅದೇ ದಂಬೆ ಸಾಕಾಗುತ್ತದೆ. ಪೈಪು ಎಲ್ಲಿದೆ ಎಂಬುದರ ಮೇಲೆ ದಂಬೆಯ ಅಗಲ ನಿಂತಿದೆ. ನಡುವೆ ಒಂದು 100 ಮಿ.ಮೀ. ಪೈಪಿದ್ದರೆ ಬಾಯಿಯ ಮೇಲೆ ಸುಮಾರು 4 ಸೆಂ.ಮೀ. ನೀರು ನಿಂತು ಇಳಿದುಹೋಗುತ್ತದೆ.

ಹುಬ್ಬಳ್ಳಿಯಿಂದ

ಸರ್, ನಮ್ಮ ತಮ್ಮ ಸಿವಿಲ್ ಓದ್ಯಾನ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕ ತೋರಿಸಿದ. ಗಂಟೆಗೆ 150 ಮಿ.ಮೀ. ಮಳಿಗೆ 100 ಮಿ.ಮೀ. ಪೈಪ್ ಒಂದಕ್ಕ 28.5 ಚದರ ಮೀಟರ್ ಮಾತ್ರ ಅಂತ ಐತಿ. ಅಂದ್ರ ಅಕ್ಕನ ಮನಿಗೆ ಮೂರು ಪೈಪ್ ಬೇಕು. ನೀವು ಒಂದೇ ಸಾಕು ಅಂತೀರಿ. ಯಾವುದು ಖರೆ?

ಮಂಗಳೂರಿನಿಂದ

ಒಳ್ಳೆಯ ಪ್ರಶ್ನೆ. ಆ ಅಂಕೆಯನ್ನು ಹಿಂದಕ್ಕೆ ಬಿಡಿಸಿದರೆ ಪೈಪಿಗೆ ಸೆಕೆಂಡಿಗೆ 1.2 ಲೀಟರ್ ಬರುತ್ತದೆ. ಬಾಯಿಯ ಮೇಲೆ 2 ಸೆಂ.ಮೀ. ನೀರು ನಿಂತಾಗ ಇಳಿಯುವಷ್ಟು ಅದು. ತಾರಸಿ ಮೇಲೆ ಅಷ್ಟೇ ನೀರು ನಿಲ್ಲಲು ಬಿಡಬಹುದು, ದಂಬೆಯಲ್ಲಿ ಇನ್ನಷ್ಟು ಆಳವಿದೆ. ಹಾಗಾಗಿ ಕೋಷ್ಟಕ ಎಚ್ಚರಿಕೆಯ ಕಡೆಗಿದೆ ಎಂದು ನನ್ನ ಓದು. ಆದರೂ ಮರದ ಕೆಳಗಿನ ಮನೆಯಾದರೆ ನಾನೂ ಎರಡು ಹಾಕುತ್ತೇನೆ. ಒಂದಕ್ಕೆ ಎಲೆ ಕಟ್ಟಿದರೆ ಇನ್ನೊಂದು ಇರುತ್ತದೆ. ತಮ್ಮನಿಗೆ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಕೋಷ್ಟಕದಂತೆಯೇ ಹೋಗಲಿ, ಮನೆಗೆ ನಷ್ಟವಿಲ್ಲ.

ಬೆಂಗಳೂರಿನಿಂದ

ಈಗ ತಿಳಿಯಿತು, ನಾನು ತೊಟ್ಟಿಯ ಲೆಕ್ಕ ಹೇಳುತ್ತಿದ್ದೆ. ಆದರೆ ಗಂಟೆಗೆ 150 ಎಂಬುದು ಎಲ್ಲಿಂದ ಬಂತು?

ಮಂಗಳೂರಿನಿಂದ

ಅದು ತೀರ್ಥಹಳ್ಳಿಯವರು ಹಿಡಿದ ಅಂಕೆ, ಮಲೆನಾಡಿಗೆ ಅತಿಯಾಯಿತು ಎಂದು ನನಗನ್ನಿಸುವುದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕೆ ಕಳಿಸುತ್ತವೆ. ದಿನದ ಮೊತ್ತದ ಬದಲು ಅದನ್ನು ನೋಡಿ ನಾಲ್ಕರಿಂದ ಗುಣಿಸಿದರೆ ಗಂಟೆಯ ಬಿರುಸು. ಅದರೊಳಗಿನ ಐದು ನಿಮಿಷ ಇನ್ನೂ ಜೋರಾಗಿರುತ್ತದೆ ಎಂಬುದು ನೆನಪಿರಲಿ. ಮನೆಯಲ್ಲೇ ನೋಡಬೇಕೆಂದರೆ ನೇರ ಗೋಡೆಯ ಡಬ್ಬ ಒಂದನ್ನು ಬಯಲಲ್ಲಿಟ್ಟು, ಐದು ನಿಮಿಷದಲ್ಲಿ ಎಷ್ಟು ಮಿ.ಮೀ. ತುಂಬಿತೆಂದು ಅಳೆದು 12ರಿಂದ ಗುಣಿಸಿ.

ತೀರ್ಥಹಳ್ಳಿಯಿಂದ

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ದಿನದ ಮಳೆ ಎಷ್ಟೆಂದು ನೋಡಬೇಡಿ. ಐದು ನಿಮಿಷದ ಬಿರುಸು ಗಂಟೆಗೆ ಎಷ್ಟಾಗುತ್ತದೆಂದು ನೋಡಿ.’ ದಿನದ್ದಕ್ಕೆ ‘ಮೊತ್ತ’, ಗಂಟೆಯದಕ್ಕೆ ‘ಬಿರುಸು’. ‘ಪ್ರಮಾಣ’ವನ್ನು ಇಡೀ ಅಧ್ಯಾಯದಿಂದ ತೆಗೆದುಹಾಕಿದೆ. ಗಟರಿನ ಬದಲು ‘ದಂಬೆ’.

ಹುಬ್ಬಳ್ಳಿಯಿಂದ

‘ದಂಬೆ’ ನಮಗ ಹೊಸಾದು. ಇಲ್ಲೆ ಅಡಿಕಿ ಮರ ಎಲ್ಲಿ ಐತ್ರಿ? ಮೊದಲನೆ ಸಲ ಬಂದಲ್ಲಿ ‘ಸೂರಿನ ದಂಬೆ’ ಅಂತ ಬರದು ಪಕ್ಕಕ್ಕ ಒಂದು ಚಿತ್ರ ಹಾಕ್ರಿ.

ಶಿರಸಿಯಿಂದ

ಚಿತ್ರ ನಾನು ಕಳಿಸುತ್ತೇನೆ. ಪೈಪು ನಡುವೆ ಇರುವ ಹಾಗೆಯೇ ಬಿಡಿಸುತ್ತೇನೆ. ಆದರೆ ಮಾಡಿನಿಂದ ಒಮ್ಮೆಗೇ ಇಳಿಯುವ ಆ ನೀರಿಗೆ, ಮೊತ್ತವೂ ಅಲ್ಲದ ಬಿರುಸೂ ಅಲ್ಲದ ಆ 3.2 ಲೀಟರಿಗೆ, ಏನೆನ್ನುತ್ತೀರಿ? ‘ಹರಿವು’ ಎಂದರೆ ನನಗೆ ಹೊಳೆ ಕಾಣುತ್ತದೆ.