ಸಹಾಯ ಬೇಕು: ಮೋಲ್ ಲೆಕ್ಕದಲ್ಲಿ ಹುಡುಗ ಎಲ್ಲಿ ಎಡವುತ್ತಿದ್ದಾನೆ?

ಪಿಯುಸಿ ಹುಡುಗನಿಗೆ ಟ್ಯೂಷನ್ ಹೇಳುತ್ತೇನೆ. 2H₂ + O₂ → 2H₂O. 4 ಗ್ರಾಂ ಹೈಡ್ರೋಜನ್‌ಗೆ ಎಷ್ಟು ಆಕ್ಸಿಜನ್ ಬೇಕು ಅಂದರೆ 2 ಗ್ರಾಂ ಎಂದು ಬರೆದಿದ್ದ. ಉತ್ತರ ಹೇಳಿಕೊಡದೆ ಸುಮ್ನೆ ಕೇಳುತ್ತಾ ಹೋದೆ.

"2 ಹೇಗೆ ಬಂತು?"

"ಎರಡಕ್ಕೆ ಒಂದು ಅಲ್ವಾ ಸರ್, ಅರ್ಧ ಮಾಡಿದೆ."

"ಎರಡು ಏನು? ಗ್ರಾಮಾ?"

"ಹೂಂ..."

"ಹಾಗಾದ್ರೆ ನೀರು ಎಷ್ಟು ಬರುತ್ತೆ?"

"4 ಗ್ರಾಂ."

"ಹಾಕಿದ್ದು ಒಟ್ಟು 6 ಗ್ರಾಂ. ಉಳಿದ 2 ಎಲ್ಲಿ ಹೋಯ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ 4 ಗ್ರಾಂ ಅಂದರೆ 2 ಮೋಲ್, ಅದಕ್ಕೆ 1 ಮೋಲ್ ಆಕ್ಸಿಜನ್, ಅಂದರೆ 32 ಗ್ರಾಂ ಎಂದ.

ನಿಜವಾಗಿ ಅರ್ಥವಾಗಿದೆಯಾ ಅಂತ ನೋಡಲು N₂ + 3H₂ → 2NH₃ ಕೊಟ್ಟು, 28 ಗ್ರಾಂ ನೈಟ್ರೋಜನ್‌ಗೆ ಎಷ್ಟು ಹೈಡ್ರೋಜನ್ ಅಂತ ಕೇಳೋಣ ಅಂದುಕೊಂಡಿದ್ದೇನೆ. 6ರ ಬದಲು 84 ಅಂದರೆ ಹಳೇ ತಪ್ಪೇ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇದ್ದರೆ ಹೇಳ್ತೀರಾ?