ಆರು ವರ್ಷದ ಮೊಮ್ಮಗನಿಗೆ ಕನ್ನಡ ಓದು: ಎಲ್ಲಿಂದ ಶುರು ಮಾಡಲಿ?

ಬಸವನಗುಡಿ ಅಜ್ಜಿ: ನ್ಯೂಜೆರ್ಸಿಯಲ್ಲಿರುವ ಮೊಮ್ಮಗನಿಗೆ ಆರು ವರ್ಷ. ಕನ್ನಡ ಮಾತನಾಡುತ್ತಾನೆ, ಆದರೆ ಒಂದಕ್ಷರವೂ ಬಾರದು. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ವಿಡಿಯೊ ಕರೆಯಲ್ಲಿ ಕಲಿಸಬೇಕೆಂದಿದ್ದೇನೆ. ಮೊದಲ ಎರಡು ತಿಂಗಳ ಪಾಠ ಹೇಗೆ ಜೋಡಿಸಿಕೊಳ್ಳಲಿ? ಅನುಭವಸ್ಥರು ಹೇಳಿ.

ಜಯನಗರದ ತಾತ: ಲಂಡನ್ನಿನ ಮೊಮ್ಮಗಳಿಗೆ ನಾನು ಅ ಆ ಇ ಈಯಿಂದಲೇ ಕಲಿಸಿದೆ, ನಾವೆಲ್ಲ ಕಲಿತ ಹಾಗೆ. ಅವೆನ್ಯೂ ರಸ್ತೆಯಲ್ಲಿ ಗೋಡೆಪಟ, ಕಾಪಿ ಪುಸ್ತಕ, ಸ್ಲೇಟು ಎಲ್ಲ ಸೇರಿ 640 ರೂಪಾಯಿ. ಕಳಿಸುವುದಕ್ಕೆ 3,850! ಸ್ಲೇಟು ಮೂರು ಹೋಳಾಗಿ ತಲುಪಿತು. ಪರಿಹಾರ ಕೇಳಿದರೆ, ಒಡೆಯುವ ವಸ್ತು ಎಂದು ನೀವು ಬರೆಸಿರಲಿಲ್ಲ ಎಂದರು. ಇರಲಿ. ನಾಲ್ಕು ತಿಂಗಳಲ್ಲಿ ಳ ತಲುಪಿದೆವು. ಈಗ ಇಡೀ ವರ್ಣಮಾಲೆಯನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಾಳೆ.

ಯಲಹಂಕದ ಟೀಚರ್: ಒಪ್ಪಿಸುತ್ತಾಳೆ, ಸರಿ. ಓದುತ್ತಾಳೆಯೇ? ಅವಳಿಗೆ ಸ ಒಂದನ್ನೇ ಬರೆದು ತೋರಿಸಿ. ಯ ರ ಲ ವ ಶ ಷ ಎಂದು ಒಳಗೊಳಗೇ ಹೇಳಿಕೊಂಡು ಬಂದು ಮುಟ್ಟಿದರೆ, ಅವಳಿಗೆ ಬಂದಿರುವುದು ಹಾಡು, ಅಕ್ಷರವಲ್ಲ.

ನಾನು ಹನ್ನೆರಡು ವರ್ಷ ನಲಿಕಲಿ ತರಗತಿ ನಡೆಸಿದವಳು. ಅಲ್ಲಿ ಮೊದಲ ಗುಂಪು ರ ಗ ಸ ದ ಅ. ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ನಿವೃತ್ತಳಾದ ಮೇಲೆ ಡಲ್ಲಾಸ್‌ನ ಅಣ್ಣನ ಮೊಮ್ಮಗನಿಗೂ ಅದನ್ನೇ ಹಿಡಿದು ಕೂತೆ, ಅಲ್ಲೇ ಎಡವಿದೆ. ಗರಗಸ ಎಂದು ಚೆನ್ನಾಗಿಯೇ ಓದಿದ, ಆಮೇಲೆ ‘ಅಂದರೆ ಏನಜ್ಜಿ?’ ಎಂದ. ಅಗಸ, ಅರಸ ಯಾವುದೂ ಅವನ ಕಿವಿಗೆ ಬಿದ್ದ ಪದವಲ್ಲ. ಹಳ್ಳಿ ಮಗುವಿಗೆ ಓದಿದೊಡನೆ ಅರ್ಥ ಸಿಗುತ್ತಿತ್ತು, ಇವನಿಗೆ ಬರೀ ಸದ್ದು.

ಹಾಗಾಗಿ ಕ್ರಮ ಬದಲಿಸಿದೆ. ಮೊದಲ ಮೂರು ವಾರ ರ ಗ ಸ ದ ಅ ಜೊತೆಗೆ ಮ ಬ ನ, ಅಷ್ಟೇ. ಮರ, ಸರ, ದನ, ಜೊತೆಗೆ ಒಂದೆರಡು ಹೊಸ ಪದ. ನಾಲ್ಕನೆಯ ವಾರ ಇಳಿ: ಬಾ, ದಾರ. ಐದು, ಆರರಲ್ಲಿ ಕೊಂಬು. ಅಲ್ಲಿಗೆ ನಾನು, ಮಗು, ಅದು, ಸಾರು ಎಲ್ಲ ಒಟ್ಟಿಗೆ ಬಂದವು. ‘ಸಾರು’ ಓದಿದ ದಿನ ಅಡುಗೆಮನೆಗೆ ಓಡಿ ಅವರಮ್ಮನನ್ನು ಎಳೆದುಕೊಂಡು ಬಂದ. ಉಳಿದ ಎರಡು ವಾರ ಹೊಸದೇನೂ ಇಲ್ಲ, ಇವನ್ನೇ ತಿರುಗಿಸಿ ಮುರುಗಿಸಿ ಓದಿಸಿದೆ.

ಊಹಿಸಿ ಹೇಳುತ್ತಿದ್ದಾನೆಯೇ ಎಂದು ತಿಳಿಯಲು ‘ಗದಸ’ದಂತಹ ಅರ್ಥವಿಲ್ಲದ ಪದ ಕೊಡಿ. ಅದನ್ನೂ ‘ಗರಗಸ’ ಎಂದು ಓದಿದರೆ ಬಾಯಿಪಾಠ ಎಂದರ್ಥ. ಮರವನ್ನು ‘ಮಾರಾ’ ಎಂದು ಎಳೆದರೆ ಆ ಕ್ಷಣವೇ ಬೈಯಬೇಡಿ. ಇಳಿ ಬಂದ ಮೇಲೆ ಮರ, ಮಾರ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.

ಜಯನಗರದ ತಾತ: ಟೀಚರಮ್ಮ, ಪರೀಕ್ಷೆ ನನ್ನ ಮೊಮ್ಮಗಳಿಗೋ ನನಗೋ? ಕ್ರಮ ಗೊತ್ತಿಲ್ಲದವನು ನಾಳೆ ನಿಘಂಟಿನಲ್ಲಿ ಪದ ಹುಡುಕುವುದು ಹೇಗೆ?

ಯಲಹಂಕದ ಟೀಚರ್: ನಿಘಂಟಿನ ಮಾತು ನಿಜ. ಆದರೆ ಅದು ಮೊದಲ ಎರಡು ತಿಂಗಳ ಕೆಲಸವಲ್ಲ. ಙ, ಞ ತಿದ್ದಿಸಿ ಯಾವ ಪದ ಓದಿಸಿದಿರಿ ಸ್ವಾಮಿ?

ವಿಜಯನಗರ, ಇಬ್ಬರು ಮಕ್ಕಳ ತಂದೆ: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿರಿ: ಗಡಿಯಾರ! ನನ್ನ ತಂಗಿಯ ಮಗನೂ ನ್ಯೂಜೆರ್ಸಿಯಲ್ಲೇ. ಶನಿವಾರ ನಮ್ಮ ಸಂಜೆ ಏಳೂವರೆ, ಅವರ ಬೆಳಿಗ್ಗೆ ಹತ್ತು ಎಂದು ಗೊತ್ತು ಮಾಡಿದ್ದೆವು. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟರು, ನಮ್ಮ ಏಳೂವರೆ ಅವರ ಒಂಬತ್ತಾಯಿತು. ಮೂರು ವಾರ ಹುಡುಗ ನಿದ್ದೆಗಣ್ಣಿನಲ್ಲಿ ಕೂತು ಕಲಿತದ್ದೆಲ್ಲ ಮರೆತ. ಮನೆಯಲ್ಲಿ ಕನ್ನಡ ಮಾತನಾಡಿದರೆ ಸಾಕು, ಅಕ್ಷರ ತಾನಾಗಿ ಬರುತ್ತದೆ.

ಮೈಸೂರು ರಸ್ತೆ ಅಮ್ಮ: ತಾನಾಗಿ ಬರುವುದು ನೆಗಡಿ. ಸಿಂಗಪುರದಲ್ಲಿ ಆರು ವರ್ಷ ಮನೆಯಲ್ಲಿ ಕನ್ನಡವೇ ಆಡಿದೆವು, ಇಲ್ಲಿಗೆ ಬಂದಾಗ ಮಗನಿಗೆ ಬಸ್ಸಿನ ಹಲಗೆ ಓದಲು ಬರಲಿಲ್ಲ. ಟೀಚರ್, ನಿಮ್ಮ ಕ್ರಮಕ್ಕೂ ನನ್ನದೊಂದು ತಕರಾರು. ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ: ಮಗು ಮೊದಲು ಓದಬಯಸುವ ಪದಗಳಲ್ಲೆಲ್ಲ ಒತ್ತು. ಒತ್ತಕ್ಷರವನ್ನು ವರ್ಷದ ಕೊನೆಗೆ ತಳ್ಳಿದರೆ ಅಷ್ಟು ದಿನ ‘ಅಮ್ಮ’ ಓದಬಾರದೇ?

ಯಲಹಂಕದ ಟೀಚರ್: ‘ಅಮ್ಮ’ವನ್ನು ಚಿತ್ರದಂತೆ ಇಡಿಯಾಗಿ ಗುರುತಿಸಲಿ, ಬೇಡ ಎನ್ನುವುದಿಲ್ಲ. ಆದರೆ ಪಾಠವಾಗಿ ಎತ್ತಿಕೊಂಡರೆ ಕಷ್ಟ. ಅಜ್ಜಿ, ಅಕ್ಕದಲ್ಲಿ ಕೆಳಗಿರುವುದು ಅದೇ ಅಕ್ಷರದ ಚಿಕ್ಕ ರೂಪ, ಕಣ್ಣಿಗೆ ಸಿಗುತ್ತದೆ. ಮ್ಮ, ತ್ತ, ನ್ನ, ಲ್ಲಗಳಲ್ಲಿ ಒತ್ತಿಗೂ ಅಕ್ಷರಕ್ಕೂ ಮುಖಸಾಮ್ಯವೇ ಇಲ್ಲ.

ಮೈಸೂರು ರಸ್ತೆ ಅಮ್ಮ: ನನ್ನ ಮಗ ಅಕ್ಕದಿಂದಲೇ ಒತ್ತು ಕಲಿತ, ಎರಡನೆಯ ವಾರದಲ್ಲಿ. ಒಪ್ಪುವುದಿಲ್ಲ.

ಬಸವನಗುಡಿ ಅಜ್ಜಿ: ಮರ, ಸರ, ದನ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ‘ಅಜ್ಜಿ’ಯನ್ನೂ ಬರೆದೆ, ಯಾರೂ ಬೈಯಬೇಡಿ.

ಜಯನಗರದ ತಾತ: ನಿನ್ನೆ ರಾತ್ರಿ ಲಂಡನ್ನಿಗೆ ಕರೆ ಮಾಡಿ ಸ ತೋರಿಸಿದೆ. ತುಟಿ ಸ್ವಲ್ಪ ಅಲ್ಲಾಡಿತು, ನಿಜ. ಆದರೆ ಕ್ಯಾಮೆರಾ ಅಷ್ಟು ಸ್ಪಷ್ಟವಾಗಿರಲಿಲ್ಲ.