ನಾಣ್ಯದ ಕೋಣೆಗೆ ಬರುವ ಮಕ್ಕಳಿಗೆ ಏನಂತ ಪತ್ರ ಬರೆಯಲಿ?

ಕೇಳಿದವರು: ಮ್ಯೂಸಿಯಂ ಗೈಡ್, ವಿಜಯಪುರ

ಮುಂದಿನ ವಾರ ಏಳನೇ ತರಗತಿಯ ನಲವತ್ತು ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದಾರೆ. ಕತ್ತಿ, ತೋಪಿನ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ, ನಾಣ್ಯದ ಕೋಣೆಯಲ್ಲಿ ಎರಡೇ ನಿಮಿಷ. ಈ ಸಲ ಮೊದಲೇ ಒಂದು ಪತ್ರ ಬರೆದು ಶಾಲೆಗೆ ಕಳಿಸೋಣ ಅಂತಿದ್ದೇನೆ. ಆದಿಲ್‌ಶಾಹಿ ಕಾಲದ ತಾಮ್ರದ ನಾಣ್ಯಗಳಿವೆ, ತಂತಿ ಬಗ್ಗಿಸಿದಂಥ ನಾಲ್ಕು ಬೆಳ್ಳಿ ಲಾರಿಗಳಿವೆ. ಏನನ್ನು ನೋಡಿ ಅಂತ ಬರೆಯಲಿ? ಹೀಗೆ ಮಕ್ಕಳನ್ನು ಕರೆದುಕೊಂಡು ಹೋದವರು ಹೇಳಿ.

ನಿವೃತ್ತ ಶಿಕ್ಷಕರು, ಬಾಗಲಕೋಟೆ

ಎಲ್ಲವನ್ನೂ ತೋರಿಸಲು ಹೋಗಬೇಡಿ ಸರ್. ಆ ನಾಲ್ಕು ಲಾರಿಗಳ ಮುಂದೆಯೇ ನಿಲ್ಲಿಸಿ. ನಾನು ಮೂವತ್ತು ವರ್ಷ ನಾಣ್ಯ ನೋಡಿದವನು. ಮಕ್ಕಳನ್ನು ಹಿಡಿದು ನಿಲ್ಲಿಸುವುದು ದುಂಡಗಿಲ್ಲದ ನಾಣ್ಯವೇ. ಹೆಸರು ಕೇಳಿ ಮೊದಲು ನಗುತ್ತಾರೆ, ‘ಸರ್, ಇದಕ್ಕೆ ಗಾಲಿ ಎಲ್ಲಿ?’ ಅಂತ. ನಗಲಿ ಬಿಡಿ. ಪರ್ಷಿಯಾದ ಲಾರ್ ಎಂಬ ಊರಿನಿಂದ ಬಂದ ಹೆಸರು ಅದು ಅಂತ ಆಮೇಲೆ ಹೇಳಿದರೆ ಮರೆಯುವುದಿಲ್ಲ. ಪರ್ಷಿಯಾ ಕೊಲ್ಲಿಯಿಂದ ನಮ್ಮ ಪಡುವಣ ಕರಾವಳಿಯವರೆಗೆ ವ್ಯಾಪಾರಿಗಳು ಇಂಥ ಬೆಳ್ಳಿ ತಂತಿಯನ್ನೇ ಹಣವಾಗಿ ಬಳಸುತ್ತಿದ್ದರು. ಸಿಂಹಳದಲ್ಲಿ ಅದನ್ನೇ ಮೀನಿನ ಗಾಳದ ಹಾಗೆ ಬಗ್ಗಿಸುತ್ತಿದ್ದರು. ನಮ್ಮ ವಿಜಯಪುರದ್ದು ತಲೆಯ ಹೇರ್‌ಪಿನ್ನಿನ ಹಾಗೆ ಮಡಚಿದ್ದು.

ಅದರ ಮೇಲಿನ ಹೆಸರು ಎರಡನೇ ಅಲಿ ಆದಿಲ್ ಶಾಹನದು, ಆಳಿದ್ದು 1656ರಿಂದ 1672ರವರೆಗೆ. ಹಾಗಂತ ಬರೆದರೆ ಮಕ್ಕಳಿಗೆ ಏನೂ ಅನಿಸುವುದಿಲ್ಲ. ‘ಬಾರಾ ಕಮಾನ್ ನೋಡಿದ್ದೀರಲ್ಲ, ಮುಗಿಯದೇ ನಿಂತ ಗೋರಿ, ಅದರೊಳಗೆ ಮಲಗಿದವನು’ ಅಂತ ಬರೆಯಿರಿ. ನಿಮ್ಮೂರಿನ ಮಕ್ಕಳು ಆ ಕಮಾನುಗಳ ಕೆಳಗೆ ಆಡಿದವರೇ.

ಇನ್ನು ಅವರು ಕೇಳಿಯೇ ಕೇಳುವ ಪ್ರಶ್ನೆ: ಅಕ್ಷರ ಯಾಕೆ ಅರ್ಧ ಮಾತ್ರ ಇದೆ? ಸವೆದು ಹೋಗಿದೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಎಷ್ಟೋ ಸಲ ಅದು ತಪ್ಪು. ಅಚ್ಚು ದೊಡ್ಡದು, ಲೋಹ ಚಿಕ್ಕದು. ಕೆಳಗೊಂದು ಅಚ್ಚು, ನಡುವೆ ಬೆಳ್ಳಿ, ಮೇಲೊಂದು ಅಚ್ಚು, ಅದರ ಮೇಲೆ ಸುತ್ತಿಗೆಯ ಪೆಟ್ಟು. ಅಚ್ಚಿನ ಎಷ್ಟು ಭಾಗ ಬೆಳ್ಳಿಯ ಮೇಲೆ ಬಿತ್ತೋ ಅಷ್ಟೇ ಅಕ್ಷರ. ಲಾರಿಯಂತೂ ಕಿರುಬೆರಳಿಗಿಂತ ಸಣ್ಣ. ಅದಕ್ಕೆ ಒಂದು ಲಾರಿಯಲ್ಲಿ ಪೂರ್ತಿ ಸಾಲು ಸಿಗುವುದೇ ಅಪರೂಪ. ಸವೆದದ್ದಾ, ಬೀಳದೇ ಹೋದದ್ದಾ ಅಂತ ತಿಳಿಯುವುದು ಹೇಗೆ ಅಂದರೆ, ಉಳಿದ ಅಕ್ಷರ ನೋಡಬೇಕು. ಅವು ಚೂಪಾಗಿ ಎದ್ದು ನಿಂತು, ಅಂಚಿಗೆ ಬಂದು ತಟಕ್ಕನೆ ಕತ್ತರಿಸಿದ ಹಾಗಿದ್ದರೆ ಅಲ್ಲಿ ಅಚ್ಚು ಬಿದ್ದೇ ಇಲ್ಲ. ಎಲ್ಲಾ ಕಡೆ ನುಣ್ಣಗಾಗಿ ಮಸುಕಾಗಿದ್ದರೆ ಕೈಯಿಂದ ಕೈಗೆ ಹೋಗಿ ಸವೆದದ್ದು.

ಪದವಿ ವಿದ್ಯಾರ್ಥಿ, ವಿಜಯಪುರ

ಇಸವಿ ಓದುವುದನ್ನೂ ಹೇಳಿಕೊಡಿ ಸರ್, ಮಜಾ ಇರುತ್ತದೆ. ಅದು ಹಿಜರಿ ವರ್ಷ, 622 ಕೂಡಿಸಿದರೆ ಮುಗೀತು. ನಾನು ಒಂದು ಲಾರಿಯ ಚಿತ್ರದಲ್ಲಿ 1071 ಓದಿದ್ದೇನೆ. ಅಂದರೆ 1693.

ನಿವೃತ್ತ ಶಿಕ್ಷಕರು, ಬಾಗಲಕೋಟೆ

ತಮ್ಮಾ, 1071 ಅಂತ ಓದಿದ್ದು ಸರಿ. 1693 ಹೇಗೆ ಆಗುತ್ತದೆ ಹೇಳು? ಔರಂಗಜೇಬ ವಿಜಯಪುರ ಗೆದ್ದದ್ದು 1686ರಲ್ಲಿ. ಅಲಿ ಸತ್ತಿದ್ದು 1672ರಲ್ಲಿ. ರಾಜ್ಯವೇ ಹೋದ ಏಳು ವರ್ಷದ ಮೇಲೆ ಅವನ ಹೆಸರಲ್ಲಿ ನಾಣ್ಯ ಹೊಡೆದವರು ಯಾರು?

622 ಸರಿಯೇ, ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ 33 ಹಿಜರಿ ವರ್ಷ ಕಳೆದಾಗ ನಮ್ಮದು 32 ಅಷ್ಟೇ ಕಳೆದಿರುತ್ತದೆ. 1071ನ್ನು 33ರಿಂದ ಭಾಗಿಸು, 32 ಬರುತ್ತದೆ. ಅದನ್ನು 1071ರಲ್ಲಿ ಕಳೆ, 1039. ಈಗ 622 ಕೂಡಿಸು, 1661. ಆ ಹಿಜರಿ ವರ್ಷ 1660ರ ಸೆಪ್ಟೆಂಬರಿನಲ್ಲಿ ಶುರುವಾಗಿತ್ತು, ಹಾಗಾಗಿ 1660 ಅಥವಾ 1661. ಅಲಿ ಪಟ್ಟದಲ್ಲಿದ್ದ ಕಾಲಕ್ಕೆ ಸರಿಯಾಗಿ ಕೂಡಿತಲ್ಲ.

ಗೈಡ್ ಸರ್, ಈ ತಪ್ಪು ಲೆಕ್ಕವನ್ನೂ ಮಕ್ಕಳ ಮುಂದೆ ಇಡಿ. ಏಳನೇ ತರಗತಿಯವರಿಗೆ ದೊಡ್ಡವರ ತಪ್ಪು ಹಿಡಿಯುವುದೆಂದರೆ ಹಬ್ಬ.

ಅಕ್ಕಸಾಲಿ, ಬೆಳಗಾವಿ

ನನಗೆ ಇತಿಹಾಸ ಗೊತ್ತಿಲ್ಲರೀ, ತಂತಿ ಗೊತ್ತು. ಸಾಲಾಗಿ ತೂತಿರುವ ಉಕ್ಕಿನ ಪಟ್ಟಿಯಲ್ಲಿ ಬೆಳ್ಳಿಯನ್ನು ಎಳೆಯುತ್ತೇವೆ, ಕಂಬಚ್ಚು ಅಂತಾರೆ. ಒಂದೇ ತೂತಿನಲ್ಲಿ ಎಳೆದ ತಂತಿ ಉದ್ದಕ್ಕೂ ಒಂದೇ ದಪ್ಪ. ಒಂದೇ ಅಳತೆಗೆ ಕತ್ತರಿಸಿದರೆ ತುಂಡುಗಳ ತೂಕವೂ ಹೆಚ್ಚು ಕಡಿಮೆ ಒಂದೇ. ದುಂಡು ಬಿಲ್ಲೆ ಮಾಡಿದರೆ ಒಂದೊಂದನ್ನೂ ತೂಗಿ ಅಂಚು ಕತ್ತರಿಸಿ ಸರಿ ಮಾಡಬೇಕು. ಲಾರಿ ಐದು ಗ್ರಾಮಿಗೆ ಸ್ವಲ್ಪ ಕಡಿಮೆ ತೂಗುತ್ತದೆ ಅಂತ ಕೇಳಿ ಲೆಕ್ಕ ಹಾಕಿದೆ. ಎರಡೂವರೆ ಮಿಲಿಮೀಟರ್ ದಪ್ಪದ ತಂತಿ ಒಂಬತ್ತೂವರೆ ಸೆಂಟಿಮೀಟರ್ ತೊಗೊಂಡರೆ ಅಲ್ಲಿಗೇ ಬರುತ್ತದೆ.

ಮಡಚಿದ್ದು ಸೊಂಟದ ದಾರಕ್ಕೆ ಸಿಕ್ಕಿಸಲು ಇರಬೇಕು ಅಂತ ನನ್ನ ಲೆಕ್ಕ. ತಂತಿಯ ಮೇಲೆ ಅಡ್ಡ ಕಚ್ಚು ಇದೆಯಾ ನೋಡಿ. ಒಳಗೆ ತಾಮ್ರ ಇದೆಯಾ ಅಂತ ನಾವೂ ಹಾಗೇ ಕೊಯ್ದು ನೋಡುತ್ತೇವೆ.

ನಿವೃತ್ತ ಶಿಕ್ಷಕರು, ಬಾಗಲಕೋಟೆ

ಕಚ್ಚಿನ ಮಾತು ನೂರಕ್ಕೆ ನೂರು ನಿಜ. ಸೊಂಟದ ದಾರದ ಮಾತು ನಾನು ಒಪ್ಪುವುದಿಲ್ಲ. ಮಡಚಿದರೆ ಎರಡು ಎಳೆ ಅಕ್ಕಪಕ್ಕ ಬಂದು ಮುದ್ರೆಗೆ ಅಗಲ ಜಾಗ ಸಿಗುತ್ತದೆ, ಅದಕ್ಕೇ ಇರಬೇಕು.

ಅಕ್ಕಸಾಲಿ, ಬೆಳಗಾವಿ

ಅಗಲ ಬೇಕಿದ್ದರೆ ತಂತಿಯನ್ನೇ ಬಡಿದು ಚಪ್ಪಟೆ ಮಾಡಬಹುದಿತ್ತಲ್ಲ ಸರ್.

ಗೃಹಿಣಿ, ಇಂಡಿ

ನಮ್ಮ ಅತ್ತೆಯ ಪೆಟ್ಟಿಗೆಯಲ್ಲಿ ಒಂದು ದಪ್ಪ ತಾಮ್ರದ ನಾಣ್ಯ ಸಿಕ್ಕಿದೆ. ‘ಶ್ರೀ’ ಅಂತ ಕಾಣುತ್ತದೆ, ಕೆಳಗೆ ‘ರಾಜಾ’ ಇದ್ದ ಹಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಪಳಪಳ ಮಾಡಿದ್ದೇನೆ. ಶಿವಾಜಿ ಮಹಾರಾಜರೇ ಹೊಡೆಸಿದ್ದು ಅಂತಾರೆ. ಎಷ್ಟು ಬೆಲೆ ಬರಬಹುದು?

ನಿವೃತ್ತ ಶಿಕ್ಷಕರು, ಬಾಗಲಕೋಟೆ

ಅಯ್ಯೋ ತಂಗಿ, ಹುಣಸೆಹಣ್ಣು ಹಚ್ಚಬಾರದಿತ್ತು. ಆ ಕಂದು ಪದರವೇ ನಾಣ್ಯದ ಚರ್ಮ. ಹುಳಿ ಹಚ್ಚಿದರೆ ಅದರ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ಅದು ಶಿವರಾಯಿ. ಒಂದು ಬದಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿ ‘ಛತ್ರಪತಿ’. ಶಿವಾಜಿಯ ಹೆಸರಿದ್ದ ಮಾತ್ರಕ್ಕೆ ಅವರ ಕಾಲದ್ದೇ ಅಂತ ಹೇಳಲಾಗದು. ಅದೇ ಸಾಲನ್ನು ಪೇಶ್ವೆಗಳ ಕಾಲದವರೆಗೂ ಎಷ್ಟೋ ಕಡೆ ಹೊಡೆದಿದ್ದಾರೆ. ಬೆಲೆ ಕೈಯಲ್ಲಿ ಹಿಡಿಯದೆ ಯಾರೂ ಹೇಳಬಾರದು. ಆದರೆ ನಿಮ್ಮ ನಾಣ್ಯದಲ್ಲಿ ‘ಶಿವ’ ಕಾಣದೇ ಇರುವುದಕ್ಕೂ ಕಾರಣ ಅದೇ ದೊಡ್ಡ ಅಚ್ಚು, ಚಿಕ್ಕ ಬಿಲ್ಲೆ.

ಪ್ರಾಥಮಿಕ ಶಾಲೆ ಶಿಕ್ಷಕಿ, ಮುಧೋಳ

ಇದನ್ನು ನಾನು ಕಣಕದಲ್ಲಿ ಮಾಡಿಸಿದ್ದೇನೆ. ಚಪಾತಿ ಕಣಕವನ್ನು ಸ್ವಲ್ಪ ಗಟ್ಟಿ ನಾದಿ, ಪೆನ್ಸಿಲಿನಷ್ಟು ದಪ್ಪದ ಬತ್ತಿ ಹೊಸೆದು, ಮಡಚಿ, ಮೇಲೆ ಹತ್ತು ರೂಪಾಯಿ ನಾಣ್ಯ ಒತ್ತಿಸಿದೆ. ಒಬ್ಬನಿಗೆ ಸೊನ್ನೆ ಬಂತು, ಒಬ್ಬಳಿಗೆ ಒಂದರ ಬುಡ ಬಂತು. ಎರಡು ಎಳೆಯ ನಡುವಿನ ಸಂದಿನಲ್ಲಿ ಕೆಲವರ ಅಕ್ಷರ ನುಂಗಿಹೋಯಿತು. ಐದಾರು ಬತ್ತಿ ಅಕ್ಕಪಕ್ಕ ಇಟ್ಟಾಗ ಪೂರ್ತಿ ನಾಣ್ಯ ಓದಲು ಸಿಕ್ಕಿತು. ಕಣಕ ನೀರಾಗಿದ್ದರೆ ಏನೂ ಮೂಡಲ್ಲ, ಮೊದಲ ಸಲ ನನಗೆ ಹಾಗೇ ಆಗಿತ್ತು. ಅಕ್ಷರ ತಿರುಗುಮುರುಗಾಗಿ ಬಂದದ್ದನ್ನು ನೋಡಿ ಒಬ್ಬ ಹುಡುಗ, ‘ಟೀಚರ್, ಹಾಗಾದರೆ ಅಚ್ಚು ಕೆತ್ತುವವರು ಉಲ್ಟಾ ಬರೀಬೇಕಿತ್ತಾ?’ ಅಂದ. ಅಷ್ಟು ಹೊತ್ತು ನನಗೂ ಅದು ಹೊಳೆದಿರಲಿಲ್ಲ.

ಇನ್ನೊಂದು. ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ಪೆಟ್ಟಿಗೆಯ ಸುತ್ತ ಎಂಟು ಮಕ್ಕಳು ಸಾಕು. ಹಿಂದಿನವರಿಗೆ ತಲೆ ಬಿಟ್ಟು ಬೇರೇನೂ ಕಾಣಲ್ಲ.

ಮ್ಯೂಸಿಯಂ ಗೈಡ್, ವಿಜಯಪುರ

ಇವತ್ತು ಭೂತಗನ್ನಡಿ ಹಿಡಿದು ಲಾರಿಗಳನ್ನು ನೋಡಿದೆ. ಎಂಟು ವರ್ಷದಿಂದ ಅದೇ ಕೋಣೆಯಲ್ಲಿದ್ದೇನೆ, ಮೂರನೆಯದರ ಮೇಲೆ ಅಡ್ಡ ಕಚ್ಚು ಇದ್ದದ್ದು ಇವತ್ತೇ ಕಂಡಿತು. ಪತ್ರ ಹೀಗೆ ಬರೆದಿದ್ದೇನೆ:

‘ಮಕ್ಕಳೇ,

ನಮ್ಮ ನಾಣ್ಯದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಗಳು ತುಂಬಾ ಇವೆ. ನೀವು ಕಿಟಕಿಯ ಪಕ್ಕದ ಪೆಟ್ಟಿಗೆಗೆ ಮೊದಲು ಬನ್ನಿ. ಅಲ್ಲಿ ನಾಲ್ಕು ಬೆಳ್ಳಿ ತಂತಿಗಳಿವೆ. ಅವು ಹಣ. ಹೆಸರು ಲಾರಿ. ನಕ್ಕು ಮುಗಿಸಿ ಬನ್ನಿ.

ಬರುವ ಮೊದಲು ಶಾಲೆಯಲ್ಲಿ ಕಣಕದ ಬತ್ತಿ ಮಡಚಿ ಅದರ ಮೇಲೆ ಹತ್ತು ರೂಪಾಯಿ ಒತ್ತಿ ನೋಡಿ. ಹೇಗೆ ಅಂತ ನಿಮ್ಮ ಟೀಚರ್‌ಗೆ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಆಮೇಲೆ ಇಲ್ಲಿ ನಾಲ್ಕು ಲಾರಿಗಳನ್ನು ಒಂದಾದ ಮೇಲೊಂದು ನೋಡಿ. ಯಾವುದರಲ್ಲೂ ಬರಹ ಪೂರ್ತಿ ಇಲ್ಲ. ಆ ಲಿಪಿ ನಿಮಗೆ ಓದಲು ಬರದಿದ್ದರೆ ಚಿಂತೆಯಿಲ್ಲ, ಆಕಾರ ನೋಡಿ. ಒಂದರಲ್ಲಿ ತುಂಡಾದ ಗೆರೆ ಇನ್ನೊಂದರಲ್ಲಿ ಮುಂದುವರಿಯುತ್ತದೆಯೇ? ಕಾಗದದಲ್ಲಿ ಬರೆದುಕೊಂಡು ಜೋಡಿಸಿ.

ಎರಡನೇ ಲಾರಿಯಲ್ಲಿ ಇಸವಿ ಇದೆ. ನೆಟ್ಟಗೆ ನಿಂತ ಒಂದು ಕಡ್ಡಿ, ಅದು ಒಂದು. ಪಕ್ಕದ ಚುಕ್ಕೆ ಸೊನ್ನೆ. ಎರಡು ಕಡ್ಡಿ ಕೆಳಗೆ ಕೂಡಿ ಮೇಲೆ ಅಗಲಿದ್ದರೆ ಅದು ಏಳು. ಮತ್ತೊಂದು ಕಡ್ಡಿ ಮತ್ತೆ ಒಂದು. ಆ ಬರಹವನ್ನು ಬಲದಿಂದ ಎಡಕ್ಕೆ ಓದಬೇಕು, ಆದರೆ ಅಂಕಿಯನ್ನು ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಅದು 1071. ನಮ್ಮ ಊರಿನ ಒಬ್ಬ ಅಣ್ಣ ಅದಕ್ಕೆ 622 ಕೂಡಿಸಿ 1693 ಅಂದ. ಬಾರಾ ಕಮಾನಿನಲ್ಲಿ ಮಲಗಿರುವ ಅಲಿ ಆದಿಲ್ ಶಾಹ 1672ರಲ್ಲೇ ತೀರಿಕೊಂಡಿದ್ದ. ಅಣ್ಣ ಎಲ್ಲಿ ತಪ್ಪಿದ? ಒಂದು ಸುಳಿವು: ಚಂದ್ರನ ವರ್ಷ ಚಿಕ್ಕದು.

ಮೂರನೇ ಲಾರಿಯ ಮೇಲೆ ಒಂದು ಗಾಯ ಇದೆ. ಹುಡುಕಿ. ಅದನ್ನು ಯಾರು ಮಾಡಿರಬಹುದು, ಯಾಕೆ ಮಾಡಿರಬಹುದು ಅಂತ ನನಗೆ ಬಂದು ಹೇಳಿ. ಗಾಜಿಗೆ ನೇರವಾಗಿ ಬೆಳಕು ಹಾಕಿದರೆ ಬರೀ ಹೊಳಪು ಕಾಣುತ್ತದೆ. ನಾನು ಟಾರ್ಚನ್ನು ಪಕ್ಕದಿಂದ ಹಿಡಿಯುತ್ತೇನೆ, ಆಗ ನೆರಳು ಬಿದ್ದು ಅಕ್ಷರ ಏಳುತ್ತವೆ.

ತಂತಿಯನ್ನು ಯಾಕೆ ಮಡಚಿದರು ಎಂಬ ವಿಷಯದಲ್ಲಿ ದೊಡ್ಡವರಲ್ಲೇ ಜಗಳ ನಡೆದಿದೆ. ನಿಮಗೆ ಏನನ್ನಿಸುತ್ತದೆ ಅಂತ ಬರೆದುಕೊಂಡು ಬನ್ನಿ. ಎಂಟೆಂಟು ಮಂದಿ ಒಳಗೆ ಬರಬೇಕು. ಉಳಿದವರು ಅಷ್ಟೊತ್ತು ತೋಪಿನ ಹತ್ತಿರ ಇರಿ, ಹತ್ತಬೇಡಿ.’

ನಿವೃತ್ತ ಶಿಕ್ಷಕರು, ಬಾಗಲಕೋಟೆ

ಚೆನ್ನಾಗಿದೆ ಸರ್. ‘ನಮ್ಮ ಊರಿನ ಒಬ್ಬ ಅಣ್ಣ’ ಬೇಜಾರು ಮಾಡಿಕೊಳ್ಳದಿದ್ದರೆ ಸಾಕು.

ಪದವಿ ವಿದ್ಯಾರ್ಥಿ, ವಿಜಯಪುರ

ಬೇಜಾರಿಲ್ಲ ಸರ್. ಆ ದಿನ ನಾನೂ ಬರಲಾ? ಟಾರ್ಚ್ ಹಿಡಿಯುತ್ತೇನೆ.